‘ಏನು ವಿಶೇಷ?’ ‘ಏನೂ ಇಲ್ಲ’: ಮನೆಯೊಳಗೆ ಮಾತು ಬತ್ತಿದಾಗ

“ನಮ್ಮ ಮನೆಯಲ್ಲಿ ಜಗಳವೇನೂ ಇಲ್ಲ ಡಾಕ್ಟರೇ. ಕುಡಿತ ಇಲ್ಲ, ಹೊಡೆತ ಇಲ್ಲ, ಸಾಲ ಇಲ್ಲ. ಆದರೆ ಮಾತೂ ಇಲ್ಲ.” ಮಧ್ಯವಯಸ್ಸು ದಾಟಿದ ದಂಪತಿಗಳಿಂದ, ಅದರಲ್ಲೂ ಮಕ್ಕಳು ಓದಿಗೋ ಕೆಲಸಕ್ಕೋ ಊರು ಬಿಟ್ಟು ಹೋದ ಮನೆಗಳಿಂದ, ವೈದ್ಯರಿಗೆ ಈ ಮಾತು ಆಗಾಗ ಕೇಳಿಬರುತ್ತದೆ. ಮೊದಲಿಗೆ ಅವರು ಹೇಳುವುದು ಬೇರೆ ತೊಂದರೆ. ನಿದ್ದೆ ಬರುವುದಿಲ್ಲ, ತಲೆ ಭಾರ, ಹೊಟ್ಟೆ ಉಬ್ಬರ, ಯಾವ ಕೆಲಸದಲ್ಲೂ ಮನಸ್ಸಿಲ್ಲ. ರಕ್ತ ಪರೀಕ್ಷೆ, ಇಸಿಜಿ ಎಲ್ಲವೂ ಸರಿಯಾಗಿಯೇ ಬಂದಿರುತ್ತವೆ. ಚೀಟಿ ಬರೆಸಿಕೊಂಡು ಏಳುವಾಗ ಕೊನೆಯಲ್ಲಿ ಈ ಮಾತು ಹೊರಬೀಳುತ್ತದೆ.

ಇಂತಹವರಿಗೆ “ಮನಸ್ಸು ಬಿಚ್ಚಿ ಮಾತಾಡಿ” ಎಂದು ಸಲಹೆ ಕೊಡುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಕೆಲಸಕ್ಕೆ ಬರುವುದಿಲ್ಲ. ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡಿದ್ದ ಇಬ್ಬರು ಒಂದು ಭಾನುವಾರ ಎದುರುಬದುರು ಕುಳಿತು ಮನಸ್ಸು ಬಿಚ್ಚಲು ಹೊರಟರೆ ಹೊರಬರುವುದು ಹಳೆಯ ಆಪಾದನೆಗಳ ಪಟ್ಟಿಯೇ. ಆತ್ಮೀಯತೆ ಬೆಳೆಯುವುದು ಇದಕ್ಕಿಂತ ಬಹಳ ಸಣ್ಣ ಮಾತುಗಳಿಂದ. ಇಂದು ದಾರಿಯಲ್ಲಿ ಏನು ಕಂಡೆ, ಅಂಗಡಿಯವನು ಏನೆಂದ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಯಾರು ಎಂಬಂತಹ, ಹೇಳದಿದ್ದರೂ ನಡೆಯುವ ಮಾತುಗಳಿಂದ. ಇವನ್ನು ಹೇಳುವುದಕ್ಕೂ ಕೇಳುವುದಕ್ಕೂ ಒಂದು ಬಗೆ ಇದೆ. ಬಗೆ ತಪ್ಪಿದರೆ ಇದೇ ಮಾತುಗಳು ಮನೆಯನ್ನು ಇನ್ನಷ್ಟು ಮೌನವಾಗಿಸುತ್ತವೆ.

<b>‘ವಿಶೇಷ’ ಎಂಬ ಅಡ್ಡಿ</b>

ನಾವು ಒಬ್ಬರನ್ನೊಬ್ಬರು ಮಾತಾಡಿಸುವ ರೀತಿಯನ್ನೇ ಗಮನಿಸಿ. ಫೋನಿನಲ್ಲಾಗಲಿ ಎದುರಿನಲ್ಲಾಗಲಿ, “ಊಟ ಆಯ್ತಾ?” ಎಂಬುದು ಮೊದಲ ಪ್ರಶ್ನೆ. “ಆಯ್ತು” ಎಂಬ ಉತ್ತರ ಬಂದ ಮೇಲೆ ಎರಡನೆಯದು, “ಮತ್ತೇನು ವಿಶೇಷ?” ಉತ್ತರವೂ ಸಿದ್ಧ: “ಏನೂ ಇಲ್ಲ, ನಿಮ್ಮ ಕಡೆ?” ಅಲ್ಲಿಗೆ ಮಾತು ಮುಗಿಯಿತು. ವಿಶೇಷವೇನು ಎಂದು ಕೇಳಿದಾಗ ಮನಸ್ಸು ಹುಡುಕುವುದು ಮದುವೆ, ಸಾವು, ಬಡ್ತಿ, ಕಾಯಿಲೆಗಳನ್ನು. ಅಂಥದ್ದು ದಿನವೂ ನಡೆಯುವುದಿಲ್ಲ, ಆದ್ದರಿಂದ ‘ಏನೂ ಇಲ್ಲ’ ಎನ್ನುವುದು ಸುಳ್ಳೂ ಅಲ್ಲ. ಆದರೆ ಆ ಇಡೀ ದಿನ ಅವರು ಹತ್ತಾರು ಜನರನ್ನು ಕಂಡಿದ್ದಾರೆ, ಎರಡು ಬಾರಿ ನಕ್ಕಿದ್ದಾರೆ, ಒಮ್ಮೆ ರೇಗಿದ್ದಾರೆ. ಅದೆಲ್ಲವೂ ‘ವಿಶೇಷ’ದ ಜರಡಿಯಲ್ಲಿ ಸೋರಿಹೋಯಿತು.

ಸಣ್ಣ ಸಂಗತಿಗಳಿಗೆ ಬೆಲೆಯಿಲ್ಲ ಎಂದು ನಾವು ಮೊದಲೇ ತೀರ್ಮಾನಿಸಿಬಿಡುತ್ತೇವೆ. ಈ ಅಂದಾಜು ಎಷ್ಟು ತಪ್ಪೆಂಬುದನ್ನು ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಟಿಂಗ್ ಜಾಂಗ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿತು. ಆಯಾ ದಿನಗಳ ಮಾಮೂಲಿ ಸಂಗತಿಗಳನ್ನು, ಇತ್ತೀಚೆಗೆ ಯಾರೊಡನೆಯೋ ಆಡಿದ ಸಾಧಾರಣ ಮಾತನ್ನು ಜನರಿಂದ ಬರೆಸಿ ತೆಗೆದಿಟ್ಟರು. ಕೆಲವು ತಿಂಗಳ ನಂತರ ಇದನ್ನು ಓದಲು ನಿಮಗೆಷ್ಟು ಕುತೂಹಲವಿರಬಹುದು ಎಂದೂ ಕೇಳಿ ಬರೆದಿಟ್ಟುಕೊಂಡರು. ಹೆಚ್ಚೇನೂ ಇರಲಾರದು ಎಂದಿತ್ತು ಅವರ ಅಂದಾಜು. ಓದುವ ಸಮಯ ಬಂದಾಗ ಅವರು ಎಣಿಸಿದ್ದಕ್ಕಿಂತ ಹೆಚ್ಚು ಆಸೆಯಿಂದ ಓದಿದರು, ಹೆಚ್ಚು ಸಂತೋಷಪಟ್ಟರು. ದೊಡ್ಡ ದಿನಗಳಿಗಿಂತ ಸಾಧಾರಣ ದಿನಗಳ ವಿಷಯದಲ್ಲೇ ಅಂದಾಜು ಹೆಚ್ಚು ತಪ್ಪಿತ್ತು. ನಮ್ಮದೇ ಸಣ್ಣ ಸಂಗತಿಗಳ ಬೆಲೆ ನಮಗೇ ತಿಳಿಯದಿದ್ದರೆ, ಅವು ಮನೆಯವರಿಗೆ ಬೇಡವೆಂದು ನಾವೇ ನಿರ್ಧರಿಸುವುದು ಎಷ್ಟು ಸರಿ?

<b>ಹೂವಿನಾಕೆ ಬರಲಿಲ್ಲ</b>

ಒಂದು ಮನೆಯನ್ನು ಉದಾಹರಣೆಯಾಗಿ ನೋಡೋಣ. ಇಂತಹ ಹಲವು ಮನೆಗಳ ಸಂಗತಿಗಳನ್ನು ಸೇರಿಸಿ ಕಟ್ಟಿದ ಮನೆ ಇದು. ಊರು ತಿಪಟೂರು ಎಂದಿಟ್ಟುಕೊಳ್ಳಿ. ಗಂಡನಿಗೆ ಐವತ್ನಾಲ್ಕು, ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಹೆಂಡತಿಗೆ ನಲವತ್ತೆಂಟು, ಮನೆಯಲ್ಲೇ ಇರುತ್ತಾರೆ. ಒಬ್ಬಳೇ ಮಗಳು ಹಿಂದಿನ ವರ್ಷ ಇಂಜಿನಿಯರಿಂಗ್ ಓದಲು ಹೋಗಿ ಹಾಸ್ಟೆಲಿನಲ್ಲಿದ್ದಾಳೆ. ಮಗಳು ಇದ್ದಷ್ಟು ದಿನ ಅವಳೇ ಮನೆಯ ಮಾತು. ಅಪ್ಪನದನ್ನು ಅಮ್ಮನಿಗೆ, ಅಮ್ಮನದನ್ನು ಅಪ್ಪನಿಗೆ ದಾಟಿಸುತ್ತಿದ್ದವಳು ಅವಳು. ಅವಳು ಹೊರಟ ಮೇಲೆ ಇಬ್ಬರ ನಡುವೆ ಉಳಿದದ್ದು ಗ್ಯಾಸು, ಕರೆಂಟು ಬಿಲ್ಲು, ಸಕ್ಕರೆ ಮುಗಿದದ್ದು ಇಷ್ಟೇ. “ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ” ಎಂದು ಆಕೆಗೆ ಅನ್ನಿಸತೊಡಗಿತ್ತು. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ.

ಒಂದು ಸಂಜೆ ಗಂಡ ಬಂದು ಟಿ.ವಿ. ಮುಂದೆ ಕುಳಿತಿದ್ದಾರೆ.

“ರೀ, ಇವತ್ತು ಹೂವಿನವಳು ಬರ್ಲೇ ಇಲ್ಲ. ಅವಳ ಮಗಳಿಗೆ ಹೆರಿಗೆ ಆಯ್ತಂತೆ.”

“ಅದಕ್ಕೇನೀಗ? ನಾಳೆ ಸರ್ಕಲ್‌ನಿಂದ ತಂದುಕೊಡ್ತೀನಿ ಬಿಡು.”

ಆಕೆ ಒಳಗೆ ಹೋದರು. ಅವರಿಗೆ ತಾನು ಮಾಡಿದ ತಪ್ಪೇನೆಂದು ತಿಳಿಯಲೇ ಇಲ್ಲ. ಅವರ ಮಟ್ಟಿಗೆ ಹೆಂಡತಿ ಒಂದು ತೊಂದರೆ ಹೇಳಿದರು, ತಾನು ಪರಿಹಾರ ಕೊಟ್ಟಾಯಿತು. ಆದರೆ ಆಕೆ ಕೇಳಿದ್ದು ಹೂವನ್ನಲ್ಲ. ಐದಾರು ವರ್ಷಗಳಿಂದ ದಿನವೂ ಬಾಗಿಲಿಗೆ ಬರುವ ಹೆಂಗಸು ಅಜ್ಜಿಯಾದದ್ದನ್ನು ಕೇಳಿ ಆಕೆಗೆ ಏನೋ ಅನ್ನಿಸಿತ್ತು. ಬಹುಶಃ ತನ್ನ ಮಗಳ ನೆನಪೂ ಆಗಿರಬಹುದು. ಆ ಅನ್ನಿಸಿಕೆಯನ್ನು ಹಂಚಿಕೊಳ್ಳಲು ಒಬ್ಬರು ಬೇಕಿತ್ತು, ಅಷ್ಟೆ. “ಹೌದಾ? ಮೊನ್ನೆ ತಾನೆ ಆ ಹುಡುಗಿ ಮದುವೆ ಅಂತ ಸೀರೆ ಕೊಟ್ಟಿದ್ದಲ್ಲ ನೀನು? ಏನು ಮಗು?” ಎಂದಿದ್ದರೆ ಹತ್ತು ಸೆಕೆಂಡು ಸಾಕಿತ್ತು.

ಗಂಡನೂ ಪ್ರಯತ್ನ ಮಾಡಿರಲಿಲ್ಲ ಎಂದಲ್ಲ. ಹಿಂದಿನ ವಾರ ಅವರೇ ಹೇಳಿದ್ದರು:

“ಇವತ್ತು ಲೆಕ್ಕ ತಾಳೆ ಆಗ್ಲೇ ಇಲ್ಲ ಕಣೇ. ಹನ್ನೆರಡು ಮೂಟೆ ಎರಡು ಸಲ ಬರ್ಕೊಂಡಿದ್ದೆ.”

“ನೀವು ಯಾವಾಗ್ಲೂ ಹಾಗೇ. ಬರೆಯೋವಾಗ ಸ್ವಲ್ಪ ನೋಡ್ಕೋಬಾರ್ದಾ?”

ಹೇಳಿ ಬೈಸಿಕೊಳ್ಳುವುದೇಕೆ ಎಂದು ಅವರು ಮುಂದೆ ಮಂಡಿಯ ಮಾತೇ ಎತ್ತಲಿಲ್ಲ. ಇಬ್ಬರೂ ಕೆಟ್ಟವರಲ್ಲ. ಇಬ್ಬರೂ ಒಂದೊಂದು ಬಾರಿ ಬಾಗಿಲು ತಟ್ಟಿದರು, ಇಬ್ಬರಿಗೂ ಅದು ತೆರೆಯಲಿಲ್ಲ.

ದಾಂಪತ್ಯದ ಅಧ್ಯಯನಕ್ಕೆ ಹೆಸರಾದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಇಂತಹ ಬಾಗಿಲು ತಟ್ಟುವಿಕೆಯನ್ನೇ ಎಣಿಸಿದವರು. ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಒಂದು ಪುಟ್ಟ ಮನೆಯಂತೆಯೇ ಸಜ್ಜುಗೊಳಿಸಿದ ಪ್ರಯೋಗಾಲಯದಲ್ಲಿ ಹೊಸದಾಗಿ ಮದುವೆಯಾದವರನ್ನು ಇರಿಸಿ, ಅವರು ಅಡಿಗೆ ಮಾಡುವುದು, ಪತ್ರಿಕೆ ಓದುವುದು, ಹರಟುವುದನ್ನು ಚಿತ್ರೀಕರಿಸಿಕೊಂಡರು. ಒಬ್ಬರು “ಅಲ್ನೋಡು, ಎಂಥ ದೋಣಿ” ಎಂದಾಗ ಇನ್ನೊಬ್ಬರು ಕತ್ತೆತ್ತಿ ನೋಡಿದರೇ ಇಲ್ಲವೇ ಎಂಬುದು ಅವರ ಲೆಕ್ಕ. ಆರು ವರ್ಷದ ನಂತರ ವಿಚಾರಿಸಿದಾಗ, ಒಟ್ಟಿಗೆ ಉಳಿದಿದ್ದ ದಂಪತಿಗಳು ಅಂದು ಇಂತಹ ಕರೆಗಳಲ್ಲಿ ನೂರಕ್ಕೆ 86ಕ್ಕೆ ಓಗೊಟ್ಟಿದ್ದರು, ಬೇರೆಯಾದವರು 33ಕ್ಕೆ ಮಾತ್ರ. ಇದು ಅಮೆರಿಕದ ಕೆಲವೇ ದಂಪತಿಗಳ ಲೆಕ್ಕ, ನಮ್ಮ ಮನೆಗಳಿಗೆ ಅದೇ ಅಂಕಿಯನ್ನು ಹಚ್ಚಬೇಕಿಲ್ಲ. ಓಗೊಡದಿದ್ದರಿಂದಲೇ ಮದುವೆ ಮುರಿಯಿತೋ, ಮುರಿಯುತ್ತಿದ್ದ ಮದುವೆಯಲ್ಲಿ ಓಗೊಡುವುದು ನಿಂತಿತ್ತೋ ಎಂಬುದನ್ನೂ ಈ ಲೆಕ್ಕ ಹೇಳದು. ಗಮನಿಸಬೇಕಾದದ್ದು ಬೇರೆ. ಅಲ್ಲಿ ಎಣಿಸಿದ್ದು ಪ್ರೇಮಸಲ್ಲಾಪವನ್ನಲ್ಲ, ದೋಣಿಯನ್ನು ನೋಡೆಂದಾಗ ನೋಡಿದ್ದನ್ನು.

<b>ಸಂಗತಿಯ ಜೊತೆಗೆ ಒಂದು ಅನ್ನಿಸಿಕೆ</b>

ಸಣ್ಣ ಸಂಗತಿ ಹೇಳಿದ ಮಾತ್ರಕ್ಕೆ ಹತ್ತಿರವಾಗುವುದು ಹೇಗೆ? 1998ರಲ್ಲಿ ಲಾರೆನ್ಸೋ, ಬ್ಯಾರೆಟ್ ಮತ್ತು ಪಿಯೆಟ್ರೊಮೊನಾಕೊ ಎಂಬ ಮೂವರು ಮನೋವಿಜ್ಞಾನಿಗಳು ಇದನ್ನು ಬಿಡಿಸಿ ನೋಡಿದರು. ಒಂದೆರಡು ವಾರಗಳ ಕಾಲ ಜನರು ಹತ್ತು ನಿಮಿಷ ಮೀರಿದ ತಮ್ಮ ಪ್ರತಿಯೊಂದು ಮಾತುಕತೆಯನ್ನೂ ಟಿಪ್ಪಣಿ ಮಾಡಿಡಬೇಕಿತ್ತು: ನಾನೆಷ್ಟು ಹೇಳಿಕೊಂಡೆ, ಎದುರಿನವರು ಎಷ್ಟು ಹೇಳಿಕೊಂಡರು, ಅವರಿಗೆ ನಾನು ಅರ್ಥವಾದೆನೆ, ಎಷ್ಟು ಹತ್ತಿರವೆನಿಸಿತು. ಕಂಡದ್ದು ಎರಡು ಅಂಶ. ಬರಿಯ ಮಾಹಿತಿ ಹೇಳಿದ್ದಕ್ಕಿಂತ ಅದರ ಜೊತೆಗೆ ತನಗೇನನ್ನಿಸಿತು ಎಂದು ಹೇಳಿದಾಗ ಸಾಮೀಪ್ಯ ಹೆಚ್ಚು. ಮತ್ತು ಹೇಳಿದ್ದರ ಫಲ ಒಂದು ಮಟ್ಟಿಗೆ ದಕ್ಕುವುದು ಕೇಳಿದವರ ಸ್ಪಂದನದ ಮೂಲಕ. ‘ಇವರಿಗೆ ನಾನು ಅರ್ಥವಾದೆ, ಇವರಿಗೆ ನನ್ನ ಬಗ್ಗೆ ಕಾಳಜಿಯಿದೆ’ ಎನ್ನಿಸಬೇಕು. ಅನ್ನಿಸದಿದ್ದರೆ ಎಷ್ಟು ಹೇಳಿಕೊಂಡರೂ ಅದು ಗೋಡೆಗೆ ಹೇಳಿದಂತೆ.

ಇದನ್ನು ತಿಪಟೂರಿನ ಮನೆಗೆ ತನ್ನಿ. ದಂಪತಿಗೆ ಕೊಟ್ಟ ಸಲಹೆ ತೀರ ಚಿಕ್ಕದು. ದಿನಕ್ಕೊಂದು ಸಂಗತಿ, ಎರಡು ಮೂರು ನಿಮಿಷ, ಒಬ್ಬೊಬ್ಬರದೂ. ಸಮಯ ಮಾತ್ರ ನಿಗದಿ. ಗಂಡ ಒಳಗೆ ಕಾಲಿಟ್ಟ ಕೂಡಲೇ ಬೇಡ. ಆ ಹತ್ತು ನಿಮಿಷ ಯಾರಿಗೂ ಮಾತು ಹಿಡಿಸುವುದಿಲ್ಲ. ಕೈಕಾಲು ತೊಳೆದು, ಕಾಫಿ ಕುಡಿಯುವ ಹೊತ್ತು. ಟಿ.ವಿ. ಆರಿಸಿರಬೇಕು, ಮೊಬೈಲು ಬೇರೆ ಕೋಣೆಯಲ್ಲಿರಬೇಕು.

ಹೇಳಬೇಕಾದದ್ದು ಇಡೀ ದಿನದ ವರದಿಯಲ್ಲ. “ಬೆಳಿಗ್ಗೆ ಹರಾಜು ಇತ್ತು, ಮಧ್ಯಾಹ್ನ ಲೆಕ್ಕ ಬರೆದೆ, ಸಂಜೆ ಬಂದೆ” ಎಂದರೆ ಕೇಳುವವರಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಒಂದು ಕ್ಷಣವನ್ನು ಆರಿಸಬೇಕು. ಅದರಲ್ಲಿ ಒಬ್ಬ ವ್ಯಕ್ತಿ, ಒಂದು ಜಾಗ, ನಡೆದ ಒಂದು ಕ್ರಿಯೆ, ಕೊನೆಗೆ ನನಗೇನನ್ನಿಸಿತು ಎಂಬ ಅರ್ಧ ವಾಕ್ಯ. ಇಷ್ಟಿದ್ದರೆ ಸಾಕು.

ಮೊದಲ ಎರಡು ದಿನ ಗಂಡನಿಗೆ ಏನೂ ಹೊಳೆಯಲಿಲ್ಲ. ಇದು ಸಾಮಾನ್ಯ. ಹೇಳುವ ಅಭ್ಯಾಸ ತಪ್ಪಿದವರಿಗೆ ನೋಡುವ ಅಭ್ಯಾಸವೂ ತಪ್ಪಿರುತ್ತದೆ. ಮೂರನೆಯ ದಿನ ಅವರು ಹೇಳಿದ್ದು ಹೀಗೆ: “ನಮ್ಮ ಮಂಡೀಲಿ ಒಬ್ಬ ಹಮಾಲ ಮೊಮ್ಮಗನ್ನ ಕರ್ಕೊಂಡು ಬಂದಿದ್ದ. ಆ ಹುಡುಗ ಎಲ್ಲರ ಕಣ್ತಪ್ಪಿಸಿ ತೂಕದ ಯಂತ್ರದ ಮೇಲೆ ಹತ್ತಿ ನಿಂತು, ‘ನಾನು ಹದಿನಾರು ಕೆಜಿ, ನನಗೆಷ್ಟು ರೇಟು?’ ಅಂತ ಕೂಗಿದ. ಮೂಟೆ ಹೊರೋರೆಲ್ಲ ನಕ್ಕಿದ್ದೇ ನಕ್ಕಿದ್ದು. ನನಗೆ ನಮ್ಮ ಪುಟ್ಟಿ ಚಿಕ್ಕವಳಿದ್ದಾಗ ಆಫೀಸಿಗೆ ಬಂದಿದ್ದು ನೆನಪಾಯ್ತು.”

ಹೆಂಡತಿಗೆ ಹೇಳಿಕೊಟ್ಟದ್ದು ಒಂದೇ ನಿಯಮ: ಅದೇ ಸಂಗತಿಯ ಬಗ್ಗೆ ಒಂದು ಪ್ರಶ್ನೆ, ಅದಕ್ಕಿಂತ ಮೊದಲು ಬೇರೇನೂ ಬೇಡ. ಆಕೆ ಕೇಳಿದರು, “ಶಾಲೆಗೆ ಹೋಗಲ್ವಂತಾ ಆ ಹುಡುಗ?” ಗಂಡನಿಗೆ ಗೊತ್ತಿರಲಿಲ್ಲ. ಮಾರನೆಯ ದಿನ ವಿಚಾರಿಸಿಕೊಂಡು ಬಂದರು. ಶಾಲೆಗೆ ರಜೆ, ಹುಡುಗನ ತಾಯಿಗೆ ಕೂಲಿ ಕೆಲಸ, ನೋಡಿಕೊಳ್ಳುವವರಿಲ್ಲ. ಗಮನಿಸಿ, ಎರಡನೆಯ ದಿನದ ಮಾತು ಮೊದಲ ದಿನದ ಮಾತಿನಿಂದಲೇ ಹುಟ್ಟಿತು. ನಾಲ್ಕನೆಯ ಸಂಜೆ ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಆಕೆ, “ಆ ಹುಡುಗ ಇವತ್ತೂ ಬಂದಿದ್ನಾ?” ಎಂದು ಕೇಳಿದರು.

ಈ ಎಳೆ ಹಿಡಿಯುವುದು ಇಡೀ ಅಭ್ಯಾಸದ ಜೀವಾಳ ಎಂಬುದು ನನ್ನ ಅಭಿಪ್ರಾಯ. ನಿನ್ನೆ ಹೇಳಿದ್ದನ್ನು ಇಂದು ಅವರಾಗಿಯೇ ಕೇಳಿದರೆ, ನಾನು ಹೇಳಿದ್ದು ಇವರ ತಲೆಯಲ್ಲಿ ರಾತ್ರಿಯಿಡೀ ಉಳಿದಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. “ನಿನ್ನ ಮೇಲೆ ನನಗೆ ಪ್ರೀತಿಯಿದೆ” ಎಂದು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಹಿರಿಯ ತಲೆಮಾರಿನ ದಂಪತಿಗಳಲ್ಲಿ ಕಡಿಮೆ. ಆ ಕೆಲಸವನ್ನು “ಆ ಹುಡುಗ ಬಂದಿದ್ನಾ?” ಎಂಬ ಮಾತು ಮಾಡಬಲ್ಲದು.

ಇದು ಫಲಿಸುತ್ತಿದೆ ಎಂದು ತಿಳಿಯುವುದು ಹೇಗೆಂದರೆ, ನಿಗದಿಯಾದ ಹೊತ್ತನ್ನು ಮೀರಿ ಮಾತು ಹೊರಬರತೊಡಗುತ್ತದೆ. “ನಿಮಗೆ ಹೇಳ್ಬೇಕು ಅಂದ್ಕೊಂಡಿದ್ದೆ” ಎಂದು ಶುರುವಾಗುವ ವಾಕ್ಯಗಳು ಕೇಳಿಸುತ್ತವೆ. ಏನಾದರೂ ಕಂಡಾಗಲೇ ಇದನ್ನು ಮನೆಯಲ್ಲಿ ಹೇಳಬೇಕು ಎಂದು ತೆಗೆದಿಟ್ಟುಕೊಂಡಿರುತ್ತಾರೆ, ಪೇಟೆಗೆ ಹೋದವರು ಮಕ್ಕಳಿಗೆಂದು ಜೇಬಿನಲ್ಲಿ ಪೆಪ್ಪರಮೆಂಟು ಇಟ್ಟುಕೊಳ್ಳುವ ಹಾಗೆ. ದಿನವೆಲ್ಲ ಬೇರೆ ಬೇರೆ ಇದ್ದರೂ ಇನ್ನೊಬ್ಬರು ಮನಸ್ಸಿನಲ್ಲಿದ್ದಾರೆ ಎಂದರ್ಥ.

ದೊಡ್ಡ ಮಾತಿಗೂ ದಾರಿ ಇದೇ. ಅಮೆರಿಕದ ಆಲ್ಟ್‌ಮನ್ ಮತ್ತು ಟೇಲರ್ 1973ರಲ್ಲೇ ಬರೆದಿದ್ದರು: ಸಂಬಂಧ ಮೊದಲು ಹರವಿನಲ್ಲಿ ಬೆಳೆದು ಆಮೇಲೆ ಆಳಕ್ಕೆ ಇಳಿಯುತ್ತದೆ, ಈರುಳ್ಳಿಯ ಪದರ ಬಿಡಿಸಿದಂತೆ. ತಿಪಟೂರಿನ ಗಂಡ ಮೂರನೆಯ ವಾರದ ಕೊನೆಗೆ, ಯಾರೂ ಕೇಳದೆಯೇ, ಮಂಡಿಯ ಯಜಮಾನರ ಮಗ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಿಸುತ್ತಿದ್ದಾನೆಂದೂ, ದೀಪಾವಳಿಯ ಆಚೆಗೆ ತನ್ನ ಕೆಲಸ ಉಳಿಯುವುದೋ ಇಲ್ಲವೋ ಎಂದು ಆರು ತಿಂಗಳಿಂದ ಹೆದರಿಕೊಂಡಿರುವೆನೆಂದೂ ಹೇಳಿದರು. ಹನ್ನೆರಡು ಮೂಟೆ ಎರಡು ಸಲ ಬರೆದದ್ದೂ ಆ ಹೆದರಿಕೆಯಲ್ಲೇ. ಕೆಲಸದ ಚಿಂತೆ ಹೇಳಿದ್ದರಿಂದ ತೀರಲಿಲ್ಲ. ಟಿ.ವಿ.ಯ ವಿಷಯದಲ್ಲಿ ಇಂದಿಗೂ ಇಬ್ಬರಿಗೂ ಚಕಮಕಿ ನಡೆಯುತ್ತದೆ. ಆದರೆ ಮಗಳ ಫೀಸಿಗೆಂದು ತಾನು ಚೀಟಿ ಹಾಕಿದ್ದ ಹಣವಿರುವುದನ್ನು ಹೆಂಡತಿ ಆ ರಾತ್ರಿ ತಿಳಿಸಿದರು. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ಭಾರವನ್ನು ಹೊತ್ತಿದ್ದರು.

<b>ಕೇಳುವವರು ಕೆಡಿಸುವ ಬಗೆ</b>

ಹೇಳುವವರು ನಿಲ್ಲಿಸುವುದು ಕೇಳುವವರಿಂದ. ಅದರಲ್ಲಿ ನಮ್ಮ ಮನೆಗಳಲ್ಲಿ ಹೆಚ್ಚು ನಡೆಯುವುದು ತೀರ್ಪು ಕೊಡುವುದು. ಅಮೆರಿಕದ ಎಲಿನೋರ್ ಓಕ್ಸ್ ಮತ್ತು ಕ್ಯಾರೊಲಿನ್ ಟೇಲರ್ ಎಂಬ ಸಂಶೋಧಕಿಯರು ಅಲ್ಲಿನ ಏಳು ಕುಟುಂಬಗಳು ರಾತ್ರಿಯ ಊಟದ ಹೊತ್ತಿನಲ್ಲಿ ಆಡಿದ ಮಾತುಗಳನ್ನು ಧ್ವನಿಮುದ್ರಿಸಿ, ಅದರಲ್ಲಿ ಬಂದ ನೂರು ಸಣ್ಣ ಕತೆಗಳನ್ನು ಪರಿಶೀಲಿಸಿ 1995ರಲ್ಲಿ ಬರೆದರು. ಅವರು ಕಂಡ ಕ್ರಮ ನಮಗೂ ಅಪರಿಚಿತವಲ್ಲ. ತಾಯಿ ಮಗುವಿಗೆ, “ಇವತ್ತು ಏನಾಯ್ತು ಅಂತ ಅಪ್ಪನಿಗೆ ಹೇಳು” ಎನ್ನುತ್ತಾಳೆ. ಮಗು ಹೇಳುತ್ತದೆ. ಅಪ್ಪ ಅದರಲ್ಲಿ ತಪ್ಪು ಹುಡುಕುತ್ತಾನೆ. ಮಕ್ಕಳು ತಾವಾಗಿಯೇ ತಮ್ಮ ಕತೆ ಎತ್ತುವುದು ಆ ಮನೆಗಳಲ್ಲಿ ಕಡಿಮೆಯಿತ್ತು. ಊಟದ ಮನೆ ನ್ಯಾಯಾಲಯವಾದರೆ ಯಾವ ಮಗುವೂ ತಾನಾಗಿ ಕಟಕಟೆ ಹತ್ತುವುದಿಲ್ಲ.

ಶಾಲೆಯಿಂದ ಬಂದ ಹುಡುಗ, “ಅಮ್ಮಾ, ಇವತ್ತು ನನ್ನ ಪಕ್ಕದವನು ಪೆನ್ನಿನ ಇಂಕು ಮೇಷ್ಟ್ರ ಕುರ್ಚಿ ಮೇಲೆ ಚೆಲ್ಲಿಬಿಟ್ಟ” ಎಂದರೆ, “ಅಂಥವನ ಪಕ್ಕ ಯಾಕೆ ಕೂರ್ತೀಯ?” ಎಂಬುದು ನಮ್ಮ ಮೊದಲ ಉತ್ತರ. ಮಾರನೆಯ ದಿನ ಇನ್ನಾರೋ ಇನ್ನೇನೋ ಮಾಡುತ್ತಾರೆ, ಅವನು ಹೇಳುವುದಿಲ್ಲ. ಹದಿನಾರರ ವಯಸ್ಸಿನಲ್ಲಿ ನಿಜವಾದ ತೊಂದರೆಗೆ ಸಿಕ್ಕಿಕೊಂಡಾಗಲೂ ಹೇಳುವುದಿಲ್ಲ. “ಆಮೇಲೆ ಮೇಷ್ಟ್ರು ಕೂತ್ರಾ?” ಎಂದು ಕೇಳಿ ನೋಡಿ. ಬುದ್ಧಿ ಹೇಳಲೇಬೇಕಿದ್ದರೆ ಅದಕ್ಕೆ ಮಾರನೆಯ ಬೆಳಿಗ್ಗೆ ಇದೆ.

ಇನ್ನೊಂದು, ಸಂತೋಷದ ಸಂಗತಿಗೆ ತಣ್ಣೀರೆರಚುವುದು. 2004ರಲ್ಲಿ ಶೆಲ್ಲಿ ಗೇಬಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಳ್ಳೆಯ ಸುದ್ದಿಯನ್ನು ಕೇಳಿದವರು ಉತ್ಸಾಹದಿಂದ ಇನ್ನಷ್ಟು ಕೇಳಿದರೆ ಮಾತ್ರ ಸಂಬಂಧಕ್ಕೆ ಪುಷ್ಟಿ. ‘ಒಳ್ಳೆಯದಾಯ್ತು’ ಎಂದು ಸುಮ್ಮನಾದರೆ ಇಲ್ಲ. ಅದರಲ್ಲಿ ಕೊರತೆ ಹುಡುಕಿದರೆ ಅಥವಾ ಬೇರೆ ಮಾತಿಗೆ ಹೊರಳಿದರಂತೂ ಇಲ್ಲವೇ ಇಲ್ಲ. ಸೊಸೆ “ಅತ್ತೆ, ಇವತ್ತು ಚಕ್ಕುಲಿ ಒಂದೂ ಮುರೀಲಿಲ್ಲ” ಎಂದಾಗ “ಹ್ಞೂಂ, ಉಪ್ಪು ಸ್ವಲ್ಪ ಮುಂದಾಗಿದೆ” ಎಂದರೆ ಉಪ್ಪಿನ ವಿಷಯ ನಿಜವೇ ಇರಬಹುದು. ಆದರೆ ಹಿಟ್ಟಿಗೆ ಏನು ಹಾಕಿದೆ ಎಂದು ಮೊದಲು ಕೇಳಿ ಆಮೇಲೆ ಉಪ್ಪಿನ ಮಾತೆತ್ತಿದ್ದರೂ ಚಕ್ಕುಲಿ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ.

<b>ದೂರದಲ್ಲಿರುವವರಿಗೆ</b>

ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುವ ಮಕ್ಕಳ ಭಾನುವಾರದ ಫೋನು ಬೇಗ ಬತ್ತಲು ಒಂದು ಕಾರಣ ವಾರದ ಅಂತರ. ಆರು ದಿನ ಕಳೆದ ಮೇಲೆ ಸಣ್ಣ ಸಂಗತಿಗಳು ಮರೆತಿರುತ್ತವೆ, ದೊಡ್ಡವು ಇರುವುದೇ ಇಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆಗಿಂತ ಎರಡು ದಿನಕ್ಕೊಮ್ಮೆ ಐದು ನಿಮಿಷ ಮೇಲು. ವಾಟ್ಸ್‌ಆ್ಯಪ್‌ನಲ್ಲಿ ಬೆಳಗ್ಗೆ ಕಳಿಸುವ ಹೂವಿನ ಚಿತ್ರದ ‘ಶುಭೋದಯ’ ಈ ಕೆಲಸ ಮಾಡುವುದಿಲ್ಲ, ಅದು ಯಾರು ಯಾರಿಗೆ ಬೇಕಾದರೂ ಕಳಿಸಬಹುದಾದದ್ದು. ಹಿತ್ತಲ ದಾಸವಾಳಕ್ಕೆ ಹುಳ ಬಿದ್ದ ಫೋಟೋ ಕಳಿಸಿ, “ನೀನು ನೆಟ್ಟಿದ್ದು ನೋಡೋ” ಎಂದರೆ ಮಗನಿಂದ ನಾಲ್ಕು ಮಾತು ಬರುತ್ತದೆ. ಮಕ್ಕಳೂ ಅಷ್ಟೆ. “ಚೆನ್ನಾಗಿದೀನಿ ಅಮ್ಮಾ” ಎಂಬುದರಿಂದ ಅಮ್ಮನಿಗೆ ತಿಳಿಯುವುದೇನೂ ಇಲ್ಲ. ಮೆಸ್ಸಿನ ಸಾರಿನಲ್ಲಿ ಇವತ್ತು ಬೇಳೆಯೇ ಸಿಗಲಿಲ್ಲ ಎಂದರೆ ಆಕೆ ನಿಮ್ಮ ತಟ್ಟೆಯ ಮುಂದೆ ಬಂದು ಕುಳಿತಂತಾಗುತ್ತದೆ.

<b>ಎಲ್ಲಿ ನಿಲ್ಲಿಸಬೇಕು</b>

ಈ ಅಭ್ಯಾಸಕ್ಕೆ ಮಿತಿಗಳಿವೆ. ದಿನವೂ ಹೇಳುವ ಸಂಗತಿ ಒಂದೇ ಆಗಿ, ಅದು ಮೇಲಧಿಕಾರಿಯ ಅಥವಾ ನಾದಿನಿಯ ಮೇಲಿನ ದೂರೇ ಆಗಿದ್ದರೆ ಅದು ಹಂಚಿಕೊಳ್ಳುವುದಲ್ಲ, ಗಾಯ ಕೆರೆಯುವುದು. ಇಬ್ಬರು ಗೆಳತಿಯರು ಒಂದೇ ಕಷ್ಟವನ್ನು ಮತ್ತೆ ಮತ್ತೆ ಮಥಿಸುವುದನ್ನು ಅಮಾಂಡಾ ರೋಸ್ ಎಂಬಾಕೆ 2002ರಲ್ಲಿ ಶಾಲಾ ಮಕ್ಕಳಲ್ಲಿ ಅಧ್ಯಯನ ಮಾಡಿದರು. ಅಂತಹವರ ಸ್ನೇಹ ಗಾಢವಾಗಿತ್ತು, ಜೊತೆಗೆ ಆತಂಕ, ಖಿನ್ನತೆಯ ಲಕ್ಷಣಗಳೂ ಹೆಚ್ಚಿದ್ದವು. ಒಂದೇ ದೂರು ಮೂರನೆಯ ದಿನವೂ ಬಂದರೆ, “ಇದಕ್ಕೆ ಏನಾದ್ರೂ ಮಾಡೋಣವಾ, ಇಲ್ಲ ಬರೀ ಕೇಳ್ಬೇಕಾ?” ಎಂದು ನೇರವಾಗಿ ಕೇಳಿಬಿಡುವುದು ಲೇಸು. ಇನ್ನೊಬ್ಬರು ನಂಬಿ ಹೇಳಿದ ಗುಟ್ಟು ನಿಮ್ಮ ಸಣ್ಣ ಸಂಗತಿಯಲ್ಲ ಎಂಬುದನ್ನೂ ನೆನಪಿಡಿ.

ಎಲ್ಲಿ ಹೋಗಿದ್ದೆ, ಯಾರ ಜೊತೆ ಮಾತಾಡಿದೆ, ಎಷ್ಟು ಹೊತ್ತು ಎಂದು ದಿನವೂ ಲೆಕ್ಕ ಒಪ್ಪಿಸಬೇಕಾದ ಮನೆಗಳೂ ಇವೆ. ಅಲ್ಲಿ ಹೆಣ್ಣುಮಗಳು ಹೇಳುವುದು ಹೆದರಿಕೆಯಿಂದ. ವ್ಯತ್ಯಾಸ ತಿಳಿಯುವುದು ಸುಲಭ. ಒಂದು ದಿನ “ಇವತ್ತು ಹೇಳೋಕೆ ಮನಸ್ಸಿಲ್ಲ” ಎಂದರೆ ಏನಾಗುತ್ತದೆ ಎಂದು ನೋಡಿ. ‘ಸರಿ ಬಿಡು’ ಎಂಬ ಉತ್ತರ ಬರುವ ಮನೆಗೆ ಮಾತ್ರ ಮೇಲಿನ ಸಲಹೆಗಳು ಅನ್ವಯ.

ಮಾತಿಗೆ ಓಗೊಡದಿರುವುದಕ್ಕೆ ದೇಹದ ಕಾರಣವಿದೆಯೇ ಎಂಬುದನ್ನೂ ನೋಡಬೇಕು. ಅರವತ್ತು ದಾಟಿದವರಲ್ಲಿ ಕಿವಿ ಮಂದವಾಗುವುದು ನಿಧಾನವಾಗಿ, ಅವರಿಗೇ ತಿಳಿಯದಂತೆ. ಟಿ.ವಿ. ಧ್ವನಿ ಜಾಸ್ತಿಯಾಗುತ್ತಾ ಹೋಗುವುದು, ಎದುರಿಗೆ ಕುಳಿತಾಗ ಸರಿಯಾಗಿ ಉತ್ತರಿಸುವವರು ಮಿಕ್ಸಿಯ ಸದ್ದಿನಲ್ಲೋ ಮದುವೆ ಮನೆಯಲ್ಲೋ ಸಂಬಂಧವಿಲ್ಲದ ಉತ್ತರ ಕೊಡುವುದು, ಹೆಂಗಸರು ಮಕ್ಕಳ ಮಾತು ಮಾತ್ರ ಕೇಳದಿರುವುದು ಇದರ ಕುರುಹು. ಅಂಥವರಿಗೆ ಬೇಕಾದದ್ದು ಕಿವಿಯ ಪರೀಕ್ಷೆ. ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ವಿಚಾರಿಸಬಹುದು. ‘ಅವರು ನನ್ನ ಮಾತು ಕೇಳುವುದೇ ಇಲ್ಲ’ ಎಂಬ ಎಷ್ಟೋ ದೂರು ಅಕ್ಷರಶಃ ನಿಜವಾಗಿರುತ್ತದೆ.

ಮೊದಲು ಹರಟುತ್ತಿದ್ದವರು ಎರಡು ವಾರಕ್ಕೂ ಮೇಲ್ಪಟ್ಟು ಮಾತು ಬಿಟ್ಟಿದ್ದರೆ, ಜೊತೆಗೆ ಊಟ ಸೇರದಿದ್ದರೆ, ನಸುಕಿನಲ್ಲೇ ಎಚ್ಚರವಾಗುತ್ತಿದ್ದರೆ, ಬದುಕಿ ಏನು ಪ್ರಯೋಜನ ಎಂಬ ಧಾಟಿಯ ಮಾತು ಬಂದರೆ ಅದು ಖಿನ್ನತೆ ಇರಬಹುದು. ಅಂಥವರನ್ನು ದಿನಕ್ಕೊಂದು ಸಂಗತಿ ಹೇಳು ಎಂದು ಒತ್ತಾಯಿಸುವುದು ಹಿಂಸೆಯಾದೀತು. ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಕೂಡಲೇ ಹೋಗಲು ಆಗದಿದ್ದರೆ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.